ರೈಲಿನಲ್ಲಿ ತಿಂದು ಮುಗಿಸಿದ ನಿಮಿಷಗಳು

2010ರ ದಶಕದ ಕೊನೆಯ ವರ್ಷ ನಾನು ನವಿ ಮುಂಬಯಿಯ ಖಾರಘರದ ಆರು ಜನರ ಸಾಫ್ಟ್‌ವೇರ್ ಆಫೀಸಿನಲ್ಲಿ ಹಿರಿಯ ಪ್ರೋಗ್ರಾಮರ್. ಹಿರಿಯ ಅಂದರೆ, ಉಳಿದವರ ತಪ್ಪು ಹುಡುಕುವುದು ನನ್ನ ಕೆಲಸ. ನನ್ನ ತಪ್ಪು ಹುಡುಕುವುದಕ್ಕೆ ಯಾರನ್ನೂ ನೇಮಿಸಿರಲಿಲ್ಲ.

ಹೋಟೆಲುಗಳಿಗೆ ಆರ್ಡರ್ ಆ್ಯಪ್ ಮಾಡುತ್ತಿದ್ದೆವು. ನಮ್ಮ ಕೋಡ್ ಒಂದು ಹೋಸ್ಟಿಂಗ್ ತಾಣದ ಪ್ರೈವೇಟ್ ರೆಪೊಸಿಟರಿಯಲ್ಲಿ, ಅಂದರೆ ಹೊರಗಿನವರಿಗೆ ಕಾಣದ ಖಾನೆಯಲ್ಲಿ ಇರುತ್ತಿತ್ತು. ನಾವು ಕೋಡ್ ಪುಶ್ ಮಾಡಿದಾಗಲೆಲ್ಲ, ಅಂದರೆ ಅಲ್ಲಿಗೆ ಕಳಿಸಿದಾಗಲೆಲ್ಲ, ಆ ತಾಣದ ಯಂತ್ರಗಳೇ ಅದರಿಂದ ಆ್ಯಪ್ ಕಟ್ಟಿ, ಅಂದರೆ ಬಿಲ್ಡ್ ಮಾಡಿ, ಪರೀಕ್ಷಿಸುತ್ತಿದ್ದವು. ನಮ್ಮ ಪ್ಲಾನಿನಲ್ಲಿ ಅದಕ್ಕೆ ತಿಂಗಳಿಗೆ ಎರಡು ಸಾವಿರ ನಿಮಿಷ. ಆ ತಿಂಗಳು ಹತ್ತನೇ ತಾರೀಖಿಗೆ ಎಲ್ಲ ಖಾಲಿ! ಹೆಚ್ಚುವರಿ ಖರ್ಚಿನ ಮಿತಿಯನ್ನು ಮಾಲೀಕರು ಸೊನ್ನೆಗೆ ಇಟ್ಟಿದ್ದರಿಂದ ಬಿಲ್ಡ್ ನಿಂತೇ ಹೋಯಿತು.

ಮಾಲೀಕರು ಉಡುಪಿ ಕಡೆಯ ಹೋಟೆಲ್ ಮನೆತನದವರು. "ಎಂತ ಮಾರಾಯ್ರೇ ಇದು? ಇಪ್ಪತ್ತು ದಿನ ಬಾಕಿ ಉಂಟು, ಅನ್ನ ಮುಗೀತು ಅಂತ ಬೋರ್ಡ್ ಹಾಕಿದ್ದಾರಲ್ಲ!" ಅಂದರು. ಪಬ್ಲಿಕ್ ರೆಪೊಸಿಟರಿಗೆ ನಿಮಿಷ ಪುಕ್ಕಟೆ ಎಂದು ಎಲ್ಲೋ ಓದಿ, "ಹಾಗಾದ್ರೆ ಪಬ್ಲಿಕ್ ಮಾಡಿಬಿಡುವ" ಎಂದೂ ಸೇರಿಸಿದರು. ಎಂಥ ಔದಾರ್ಯ! ಗಿರಾಕಿಗಳ ಪಾಸ್‌ವರ್ಡ್ ಸಮೇತ ಲೋಕಕ್ಕೆ ಹಂಚಿಬಿಡಬಹುದಿತ್ತು.

"ಯಾರು ತಿಂದದ್ದು?" ಎಂದು ಅವರು ಕೇಳಿದಾಗ ನನ್ನ ಬೆರಳು ತಾನಾಗಿಯೇ ಹೊಸದಾಗಿ ಸೇರಿದ್ದ ಮಹಿಳೆಯ ಕಡೆ ಹೋಯಿತು. ಅವರು ಧಾರವಾಡ ಕಡೆಯವರು, ಠಾಣೆಯ ಪಕ್ಕದ ಕಳವಾ ಎಂಬಲ್ಲಿ ಮನೆ. ಮಕ್ಕಳಿಗಾಗಿ ಹತ್ತು ವರ್ಷ ಬಿಟ್ಟಿದ್ದ ಕೆಲಸಕ್ಕೆ ಮರಳಿ, ಮೂರು ತಿಂಗಳ ಪರೀಕ್ಷಾವಧಿಯಲ್ಲಿದ್ದರು. "ದಿನಾ ಸಿದ್ಧ ಕೋಡಿನ ಕಟ್ಟು, ಅದೇ ಪ್ಯಾಕೇಜ್, ಆ ತಾಣಕ್ಕೆ ಏರಿಸ್ತಾರೆ ಸರ್, ಅದೇ ಕಾರಣ" ಎಂದೆ. ಎಷ್ಟು ಗಂಭೀರವಾಗಿ ಹೇಳಿದೆನೆಂದರೆ ನನಗೇ ನಂಬಿಕೆ ಬಂತು.

"ಪ್ಯಾಕೇಜಿನ ಜಾಗದ ಲೆಕ್ಕ ಬ್ಯಾರೆ, ನಿಮಿಷದ ಲೆಕ್ಕ ಬ್ಯಾರೆ ಅದರೀ," ಎಂದರು ಆಕೆ. "ನಿಮಿಷ ತಿಂಗಳಾ ಹೊಸದಾಗಿ ಬರ್ತಾವ. ಜಾಗ ನಾವು ಅಳಸೂತನಕ ತುಂಬೇ ಇರ್ತದ. ನಾ ಪ್ಯಾಕೇಜ್ ಮಾಡೂದೂ ನನ್ನ ಮಷೀನ್‌ದಾಗ. ಅದಕ್ಕ ಅವರ ಒಂದು ನಿಮಿಷನೂ ಹೋಗೂದಿಲ್ಲ."

ಅಕ್ಷರಶಃ ನಿಜ. ಆದರೆ ಹಿರಿಯನ ಮಾತಿನ ಮುಂದೆ ನಿಜಕ್ಕೆ ಏನು ಬೆಲೆ? ಮಾಲೀಕರು ಶನಿವಾರವೇ ಆಕೆಯ ಕೊನೆಯ ದಿನ ಎಂದರು. ನಾನು ಚಹಾ ಕುಡಿದೆ.

ಶುಕ್ರವಾರ ಆಕೆ ನನ್ನ ಮೇಜಿನ ಮೇಲೆ ಒಂದು ಹಾಳೆ ಇಟ್ಟರು. ಯಾವ ಬಿಲ್ಡ್, ಯಾರ ಪುಶ್‌ನಿಂದ, ಎಷ್ಟು ಹೊತ್ತಿಗೆ ಶುರುವಾಯಿತು ಎಂಬ ಪಟ್ಟಿ. ಅದು ತಾಣದಲ್ಲಿ ನಮಗೆಲ್ಲ ಕಾಣುವಂಥದ್ದೇ. ಹೆಚ್ಚುಕಡಿಮೆ ಎಲ್ಲ ಸಾಲಿನಲ್ಲೂ ನನ್ನ ಹೆಸರು. ದಿನಾ ಬೆಳಿಗ್ಗೆ ಐದೈದು ಬಿಲ್ಡ್, ಐದಾರು ನಿಮಿಷಕ್ಕೊಂದು. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಆಕೆ ಆ ಹೊತ್ತಿಗೆ ರೈಲು ಇರುವ ಸ್ಟೇಷನ್ ಬರೆದಿದ್ದರು: ಐರೋಲಿ, ಘನ್ಸೋಲಿ, ತುರ್ಭೆ, ನೇರೂಳ್, ಬೇಲಾಪುರ.

"ಅದೇ ಗಾಡ್ಯಾಗ ಲೇಡೀಸ್ ಡಬ್ಬಿಯೊಳಗ ನಾನೂ ಇರ್ತೀನ್ರಿ," ಎಂದರು.

ನನ್ನ ಮನೆಯಿರುವ ಡೊಂಬಿವಲಿಯಿಂದ ಠಾಣೆವರೆಗೆ ರೈಲಿನಲ್ಲಿ ಉಸಿರಾಡಲೂ ಜಾಗವಿಲ್ಲ. ಆದರೆ ಪನ್ವೇಲ್ ಗಾಡಿ ಠಾಣೆಯಿಂದಲೇ ಹೊರಡುವುದರಿಂದ ಸೀಟು ಸಿಗುತ್ತದೆ, ಲ್ಯಾಪ್‌ಟಾಪ್ ತೊಡೆಯೇರುತ್ತದೆ. ಹಿಂದೊಮ್ಮೆ ರೈಲಿನಲ್ಲಿ ಲ್ಯಾಪ್‌ಟಾಪ್ ಕಳವಾಗಿ ವಾರದ ಕೆಲಸ ಹೋಗಿತ್ತು. ಅಂದಿನಿಂದ ಒಂದೆರಡು ಸ್ಟೇಷನ್ನಿಗೊಮ್ಮೆ, ಬರೆದಿದ್ದು ನಾಲ್ಕೇ ಸಾಲಾದರೂ, ಪುಶ್ ಮಾಡುವ ಚಟ ನನಗೆ. ಆ ತಿಂಗಳಷ್ಟೇ ಐಫೋನ್ ಆ್ಯಪಿಗಾಗಿ ಮ್ಯಾಕ್ ಯಂತ್ರದ ಬಿಲ್ಡ್ ಜೋಡಿಸಿದವನೂ ಈ ಮಹಾನುಭಾವನೇ. ಮ್ಯಾಕಿನ ಒಂದು ನಿಮಿಷ ಹತ್ತು ನಿಮಿಷವೆಂದು ಎಣಿಕೆಯಾಗುತ್ತದೆ, ಅರ್ಧ ನಿಮಿಷವೂ ಪೂರ್ತಿ ಒಂದಾಗುತ್ತದೆ ಎಂದು ಪ್ಲಾನಿನಲ್ಲಿ ಬರೆದಿತ್ತು. ಹಿರಿಯರು ಅಂಥದ್ದನ್ನೆಲ್ಲ ಓದುತ್ತಾರೆಯೇ? ಆರು ನಿಮಿಷದ ಬಿಲ್ಡ್‌ಗೆ ಅರವತ್ತು, ಒಂದು ಪ್ರಯಾಣಕ್ಕೆ ಮುನ್ನೂರು. ಏಳು ದಿನಕ್ಕೆ ಇಡೀ ಆಫೀಸಿನ ತಿಂಗಳ ಪಾಲನ್ನು ಖಾರಘರ ಬರುವಷ್ಟರಲ್ಲಿ ನಾನೊಬ್ಬನೇ ನುಂಗಿದ್ದೆ.

ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಹಾಳೆಯನ್ನು ಹರಿದು ಹಾಕಬಹುದಲ್ಲ ಎಂಬ ಯೋಚನೆ ಬಂತು. ಅದು ಬಂದದ್ದಕ್ಕೆ ಇಂದಿಗೂ ನನ್ನ ಮೇಲೆ ನನಗೆ ಹೇಸಿಗೆ.

ಆ ಹಾಳೆಯನ್ನೇ ಹಿಡಿದು ಮಾಲೀಕರ ಕೋಣೆಗೆ ಹೋದೆ. "ಅವರಲ್ಲ ಸರ್. ತಿಂದದ್ದು ನಾನು."

ಅವರು ಹಾಳೆಯನ್ನು ಸ್ಟೇಷನ್ ಸ್ಟೇಷನ್ ಆಗಿ ಓದಿದರು. "ನಾಳೆಯಿಂದ ರೈಲಲ್ಲಿ ನಿದ್ದೆ ಮಾಡಿ ಮಾರಾಯ್ರೇ. ಇನ್ನು ಬಿಲ್ಡ್ ಯಾವಾಗ ಓಡ್ಬೇಕು ಅಂತ ಅವರು ಹೇಳಲಿ, ನೀವು ಕೇಳಿ" ಎಂದರು. ಆಕೆಯ ಕೆಲಸ ಅವತ್ತೇ ಕಾಯಂ ಆಯಿತು.

ಹೊರಗೆ ಬಂದು ಕ್ಷಮೆ ಕೇಳಿದೆ. ನಾನಾಗಿಯೇ ಒಪ್ಪಿಕೊಂಡೆನಲ್ಲ ಎಂಬ ಸಣ್ಣ ಹೆಮ್ಮೆ ದನಿಯಲ್ಲಿ ಇತ್ತೋ ಏನೋ.

"ಚಲೋ ಆತ್ರಿ, ನೀವಾಗೇ ಹೇಳಿದ್ರಿ," ಎಂದು ಆಕೆ ಬ್ಯಾಗಿನಿಂದ ಅದೇ ಪಟ್ಟಿಯ ಇನ್ನೊಂದು ಪ್ರತಿ ತೆಗೆದರು. ಮೇಲೆ ಮಾಲೀಕರ ಹೆಸರು ಬರೆದಿತ್ತು. "ಐದು ಗಂಟೆತನಕ ಕಾಯೋಣಂತ ಕೂತಿದ್ದೆ."

ಗಡಿಯಾರ ನೋಡಿದೆ. ಐದಕ್ಕೆ ಹತ್ತು ನಿಮಿಷ ಇತ್ತು.