ತೀರ್ಥದೊಳಗಿನ ಮಾತ್ರೆ

ಏಕಾದಶಿಯ ಸಂಜೆ ನಾನು ದೇವರ ಮುಂದಿನ ದೀಪಕ್ಕೆ ಹೂಬತ್ತಿ ಮಾಡುತ್ತ ಕೂತಿದ್ದೆ. ಒಲೆ ಹಚ್ಚುವ ಕೆಲಸ ಅಂದು ಇರಲಿಲ್ಲ. ಬೆರಳಿಗೆ ಹಾಲಿನ ಹನಿ ಸೋಕಿಸಿ ಹತ್ತಿಯ ತುದಿ ತಿರುವುತ್ತಿದ್ದಾಗ ಪಕ್ಕದ ಖೋಲಿಯ ಮರಾಠಿ ಬಾಯಿ ಗ್ಯಾಲರಿಯಿಂದ ಕೂಗಿದಳು. "ಅಹೋ ವಹಿನಿ! ಬೇಗ ಬಾ! ನಿನ್ನ ಸಾಸೂಬಾಯಿ ಬಿದ್ದಳು!"

ಹತ್ತಿಯೆಲ್ಲ ನೆಲಕ್ಕೆ ಚೆಲ್ಲಿ ಓಡಿದೆ. ವಿಲೆ ಪಾರ್ಲೆಯ ನಮ್ಮ ಚಾಳಿನಲ್ಲಿ ಪಾಯಖಾನೆ ಇದ್ದದ್ದು ಗ್ಯಾಲರಿಯ ಆ ತುದಿಗೆ. ನನ್ನನ್ನು ಕರೆಯದೆ ಒಬ್ಬರೇ ಎದ್ದು ಹೋದ ಅತ್ತೆ ನಡುದಾರಿಯಲ್ಲಿ ಕುಸಿದಿದ್ದರು. ಬಾಯಿ ಅವರ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ಮೈಮುಟ್ಟಿದರೆ ಬೆಂಕಿ. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಬಾಯಿಯ ಮಗಳು ತಂಬಿಗೆಯಲ್ಲಿ ನೀರು ತಂದಳು.

"ಬೇಡ, ಬೇಡ. ಇವತ್ತು ಏಕಾದಶಿ. ಅವರು ನೀರು ಮುಟ್ಟುವುದಿಲ್ಲ," ಎಂದೆ ನಾನು. ಮನಸ್ಸಿನಲ್ಲಿ ಇನ್ನೊಂದೂ ಇತ್ತು. ನನ್ನ ಅತ್ತೆ ಮಡಿ ಹೆಂಗಸು. ಬೇರೆ ಮನೆಯ ತಂಬಿಗೆಯ ನೀರು ಅವರ ಗಂಟಲಿಗೆ ಇಳಿದದ್ದಿಲ್ಲ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಆ ಮರಾಠಿ ಬಾಯಿಗೆ ಅರ್ಥವಾಯಿತು. "ನಿನ್ನ ದೇವರು ಮುದುಕಿಯನ್ನು ಒಣಗಿಸು ಅಂದನೇ?" ಎಂದು ಗೊಣಗಿ ತಂಬಿಗೆಯನ್ನು ಪಕ್ಕಕ್ಕಿಟ್ಟಳು. ಆಚೀಚೆಯ ಖೋಲಿಗಳ ಹೆಂಗಸರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಅದು ಐವತ್ತೇಳನೇ ಇಸವಿ. ಆ ವರ್ಷ ಮುಂಬಯಿಯಲ್ಲಿ ಮನೆಮನೆಗೂ ಫ್ಲೂ ಜ್ವರ. ನಮ್ಮ ಯಜಮಾನರು ಬಾಂದ್ರಾದ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂತು ದುಡ್ಡು ತೆಗೆದುಕೊಳ್ಳುವವರು. ಅಲ್ಲಿ ಅಡುಗೆಯವರು, ಸಪ್ಲಾಯರುಗಳು ಒಬ್ಬರ ಹಿಂದೆ ಒಬ್ಬರಂತೆ ಅಟ್ಟದ ಮೇಲೆ ಮಲಗಿದರು. ಆಮೇಲೆ ಇವರಿಗೂ ಬಂತು. ಸ್ಟೇಷನ್ ಹತ್ತಿರ ದವಾಖಾನೆ ಇಟ್ಟಿದ್ದ ಧಾರವಾಡ ಕಡೆಯ ಡಾಕ್ಟರು ಮಾತ್ರೆ ಕೊಟ್ಟು, ಮಲಗಿರಿ, ನೀರು ಕುಡಿಯಿರಿ ಎಂದರು. ಇವರು ಗಂಜಿತಿಳಿ, ಚಹಾ, ಲಿಂಬೆ ಶರಬತ್ತು ಎಂದು ಕೇಳಿದ್ದೆಲ್ಲ ಕುಡಿದು, ನಾಲ್ಕು ದಿನ ಹಾಸಿಗೆಯಲ್ಲೇ ಇದ್ದು ಎದ್ದರು. ಇವರು ಎದ್ದ ಮೇಲೆ ಅತ್ತೆ ಮಲಗಿದರು.

ದಶಮಿಯ ದಿನ ಅದೇ ಡಾಕ್ಟರು ಮನೆಗೇ ಬಂದು ನೋಡಿದ್ದರು. ಅತ್ತೆಗೆ ಮೊದಲಿನಿಂದ ಹೊಟ್ಟೆಯಲ್ಲಿ ಉರಿ. ಹಾಗಾಗಿ ಆಸ್ಪಿರಿನ್ ಆಗದು ಎಂದು ಒಂದು ಪೊಟ್ಟಣ ಬಿಳಿ ಮಾತ್ರೆ ಕೊಟ್ಟರು. "ಇದು ಹೊಸಾದು ನೋಡ್ರಿ, ಪ್ಯಾರಾಸಿಟಮಾಲ್ ಅಂತಾರ. ನಿಮ್ಮ ಯಜಮಾನ್ರಿಗೂ ಇದನ್ನ ಕೊಟ್ಟಿದ್ದೆ. ಒಮ್ಮೆ ಒಂದ ಗುಳಿಗಿ. ಮುಂದಿಂದಕ್ಕ ಆರು ತಾಸರೆ ಬಿಡಬೇಕು. ಅಜ್ಜಿ ಭಾಳ ಸಣಕಲದಾರ, ದಿನಕ್ಕ ನಾಕರ ಮ್ಯಾಲೆ ಬ್ಯಾಡ. ಜ್ವರಾ ಇಳಿಸ್ತದ ಅಷ್ಟ, ಫ್ಲೂ ಓಡಿಸೂದಿಲ್ಲ. ಓಡಿಸೂದು ಅವರ ಮೈಯಾಗಿನ ಶಕ್ತಿನ. ಅದಕ್ಕ ನೀರು ಬೇಕು, ವಿಶ್ರಾಂತಿ ಬೇಕು."

ಡಾಕ್ಟರು ಮೆಟ್ಟಿಲಿಳಿದ ಮೇಲೆ ಅತ್ತೆ ಕಣ್ಣು ಮುಚ್ಚಿಕೊಂಡೇ ಕೇಳಿದರು, "ನಾಳೆ ಏಕಾದಶಿ ಅಲ್ವಾ?"

ಹೌದು ಎಂದೆ. ಅಲ್ಲಿಗೆ ಆ ಮಾತು ಮುಗಿಯಿತು ಎಂದುಕೊಂಡೆ. ನಮ್ಮ ಮನೆಯಲ್ಲಿ ಏಕಾದಶಿಯೆಂದರೆ ನಿರ್ಜಲ. ಮದುವೆಯಾಗಿ ಬಂದಂದಿನಿಂದ ಅತ್ತೆ ಒಂದು ಏಕಾದಶಿಯನ್ನೂ ತಪ್ಪಿಸಿದ್ದನ್ನು ನಾನು ಕಂಡಿರಲಿಲ್ಲ. ನೀರೇ ಕುಡಿಯದವರು ಮಾತ್ರೆ ನುಂಗುತ್ತಾರೆಯೇ? ಆ ದಿನ ಬಾಯಿಗೆ ಬೀಳಬಹುದಾದದ್ದು ದೇವರ ತೀರ್ಥ ಮಾತ್ರ, ಅದೂ ಉದ್ಧರಣೆಯೆಂಬ ಪುಟ್ಟ ಚಮಚದ ತುಂಬ ಒಂದು ಗುಟುಕು.

ಬೆಳಿಗ್ಗೆ ಜ್ವರ ಏರಿ ಅವರು ನರಳುವುದನ್ನು ನೋಡಲಾಗದೆ ನಾನೊಂದು ಉಪಾಯ ಹೂಡಿದೆ. ಮಾತ್ರೆಯನ್ನು ಅರೆಯುವ ಕಲ್ಲಿನ ಮೂಲೆಯಲ್ಲಿ ಪುಡಿಮಾಡಿ ತೀರ್ಥದಲ್ಲಿ ಕಲಸಿದೆ. ಮೇಲೆ ತುಳಸಿ ಎಸಳು ಇಟ್ಟು ಅವರ ಅಂಗೈಗೆ ಹಾಕಿದೆ. ದೇವರೇ, ತಪ್ಪಾದರೆ ನನ್ನ ತಲೆಗೆ ಇರಲಿ, ಅವರ ವ್ರತ ಕೆಡದಿರಲಿ ಎಂದು ಬೇಡಿಕೊಂಡೆ. ಯಜಮಾನರಿಗೆ ಹೇಳಲಿಲ್ಲ. ತೀರ್ಥದ ಪಾತ್ರೆಯಲ್ಲಿ ಅಂಗಡಿಯ ಮದ್ದು ಹಾಕಿದೆಯಾ ಎಂದು ಬೈಯುತ್ತಾರೆ ಎಂಬ ಹೆದರಿಕೆ. ಅತ್ತೆ ಕುಡಿದು ಮುಖ ಕಿವಿಚಿದರು. ಆದರೂ, "ಇನ್ನೊಂದು ಉದ್ಧರಣೆ ಹಾಕು ಮಗಾ," ಎಂದರು. ಎಂಥ ಭಕ್ತಿ, ಇಷ್ಟು ಸಂಕಟದಲ್ಲೂ ತೀರ್ಥ ಬೇಡುತ್ತಾರಲ್ಲ ಎಂದು ನನ್ನ ಕಣ್ಣು ತುಂಬಿತು. ಇನ್ನೊಂದು ಹಾಕಿ, ದೇವರ ಪಾತ್ರೆಯನ್ನು ಮುಚ್ಚಿಟ್ಟೆ. ಮಧ್ಯಾಹ್ನವೂ ಹಾಗೆಯೇ ಕೊಟ್ಟೆ. ದೀಪ ಹಚ್ಚುವ ಮೊದಲು ಮತ್ತೊಮ್ಮೆ ಕೊಟ್ಟು, ಬತ್ತಿ ಮಾಡಲು ಕೂತದ್ದು.

ಗ್ಯಾಲರಿಯಿಂದ ಅವರನ್ನು ಎತ್ತಿ ಒಳಗೆ ಮಲಗಿಸಿದೆವು. ಬಾಯಿಯ ಗಂಡ ಹೋಗಿ ಡಾಕ್ಟರನ್ನು ಕರೆತಂದರು. ಎಲುಬು ಮುರಿದಿರಲಿಲ್ಲ, ಅದೊಂದು ಪುಣ್ಯ. ಅಂದು ರಜೆ ಹಾಕಿ ಮನೆಯಲ್ಲಿದ್ದು, ಆಗಷ್ಟೇ ಅಂಗಡಿಗೆ ಹೋಗಿ ಬಂದ ಯಜಮಾನರು ಲಾಟೀನು ಹಿಡಿದು ನಿಂತರು. ಡಾಕ್ಟರು ನಾಲಿಗೆ ನೋಡಿದರು, ನಾಡಿ ಹಿಡಿದರು, ಎದೆಗೆ ಕೊಳವೆ ಇಟ್ಟು ಕೇಳಿದರು, ಕೈಮೇಲಿನ ಚರ್ಮವನ್ನು ಚಿವುಟಿ ಬಿಟ್ಟರು. ಅದು ಎದ್ದದ್ದು ಹಾಗೆಯೇ ನಿಂತಿತ್ತು.

"ಇವತ್ತ ಎಷ್ಟ ನೀರು ಕುಡಿದಾರ?"

"ಇವತ್ತು ಏಕಾದಶಿ. ಉಪವಾಸ, ನೀರು ಮುಟ್ಟಿಲ್ಲ," ಎಂದೆ.

"ಮೂತ್ರ ಯಾವಾಗ ಹೋಗ್ಯಾರ?"

ಅದು ನನಗೆ ಗೊತ್ತಿರಲಿಲ್ಲ. ಇಡೀ ದಿನ ಅವರ ಪಕ್ಕದಲ್ಲೇ ಇದ್ದ ಸೊಸೆಗೆ ಗೊತ್ತಿರಲಿಲ್ಲ.

"ಗುಳಿಗಿನಾರ ಕೊಟ್ಟೀರೋ ಇಲ್ಲೋ?"

"ಮೂರು ಕೊಟ್ಟೆ," ಎಂದು ನಾನು ನೆಲ ನೋಡುತ್ತ ಹೇಳಿದೆ. "ತೀರ್ಥದಲ್ಲಿ."

ಯಜಮಾನರು ಲಾಟೀನು ನೆಲಕ್ಕಿಟ್ಟರು. "ನೀನೂ ಕೊಟ್ಟೆಯಾ?" ಎಂದರು.

ಅವರೂ ಅದನ್ನೇ ಮಾಡಿದ್ದರು! ತಮ್ಮ ಜ್ವರಕ್ಕೆ ತಂದು ಉಳಿದಿದ್ದ ಮಾತ್ರೆಗಳು ಅವರ ಅಂಗಿಯ ಜೇಬಿನಲ್ಲಿದ್ದವು. ಬೆಳಗಿನ ಸಂಧ್ಯಾವಂದನೆ ಮುಗಿಸಿ ಒಂದು, ಮಧ್ಯಾಹ್ನ ನಾನು ಬಟ್ಟೆ ಒಗೆಯಲು ಹೋದಾಗ ಒಂದು, ಸಂಜೆ ಒಂದು, ಎಲ್ಲವೂ ತೀರ್ಥದಲ್ಲೇ. ವ್ರತದ ವಿಷಯದಲ್ಲಿ ಗಟ್ಟಿಗಿತ್ತಿಯಾದ ಹೆಂಡತಿಗೆ ತಿಳಿದರೆ ಏನೆಂದಾಳು ಎಂದು ನನ್ನಿಂದ ಮುಚ್ಚಿಟ್ಟಿದ್ದರಂತೆ. ಹೀಗೆ ಒಂದೇ ಕೋಣೆಯೊಳಗೆ, ಒಬ್ಬರು ಬೆನ್ನು ತಿರುಗಿಸಿದಾಗ ಇನ್ನೊಬ್ಬರು, ಆರು ತಾಸಿನ ಅಂತರವಿರಬೇಕಾದಲ್ಲಿ ಪ್ರತಿಸಲವೂ ಒಂದು ತಾಸಿನೊಳಗೆ ಎರಡೆರಡು ಮಾತ್ರೆ ಕೊಟ್ಟಿದ್ದೆವು.

"ದಿನಕ್ಕ ನಾಕು ಅಂದಿದ್ದೆ, ಆರಾತು! ಅದೂ ಉಪಾಸ ಹೊಟ್ಟಿಗೆ, ಒಣಗಿದ ಮೈಗೆ!" ಡಾಕ್ಟರು ತಲೆ ಕೊಡವಿದರು. "ಇದು ಹೊಸಾ ಔಷಧ. ಹೆಚ್ಚಾದ್ರ ಒಳಗ ಏನೇನು ಮಾಡ್ತದ ಅಂತ ನಮಗೂ ಪೂರಾ ಗೊತ್ತಿಲ್ಲ. ನಾ ನಾಳೆ ಬಂದು ನೋಡೂತನಕ ಒಂದ ಗುಳಿಗಿನೂ ಮುಟ್ಟಬ್ಯಾಡ್ರಿ. ವಾಂತಿ ಆದ್ರ, ಹೊಟ್ಟಿ ನೋವು ಅಂದ್ರ, ಉಸಿರು ಕಟ್ಟಿದ್ರ, ತೊದಲಿಕ್ಕೆ ಹತ್ತಿದ್ರ ತಡಾ ಮಾಡದ ದೊಡ್ಡ ದವಾಖಾನಿಗೆ ಒಯ್ಯಬೇಕು. ಅಲ್ರೀ, ಗುಳಿಗಿ ಕದ್ದು ಕೊಡಾಕ ಬಂತು, ನೀರು ಕೊಡಾಕ ಬರಲಿಲ್ಲೇನು?"

ಒಂದು ಮಾತ್ರೆಯನ್ನು ಉದ್ಧರಣೆಯಲ್ಲಿ ಅಡಗಿಸಬಹುದು, ಒಂದು ತಂಬಿಗೆ ನೀರನ್ನು ಅಡಗಿಸಲು ಆಗುವುದಿಲ್ಲ. ಅದಕ್ಕೇ ನಾವು ಬೇಕಾದದ್ದನ್ನು ಬಿಟ್ಟು, ಅಡಗಿಸಲು ಬಂದದ್ದನ್ನು ಕೊಟ್ಟಿದ್ದೆವು. ಮಾತ್ರೆ ಹೆಚ್ಚಾದರೆ ಲಿವರಿಗೆ ಏಟು, ಉಪವಾಸದ ಮೈಗಂತೂ ಇನ್ನೂ ಬೇಗ ಎಂದು ಬಹಳ ವರ್ಷದ ಮೇಲೆ ಬೇರೆ ಡಾಕ್ಟರರ ಬಾಯಲ್ಲಿ ಕೇಳಿದೆ.

ಆಗ ಅತ್ತೆ ಕಣ್ಣು ಬಿಟ್ಟರು. "ಅದಕ್ಕೇ ತೀರ್ಥ ಅಷ್ಟು ಕಹಿ," ಎಂದು ಮಗನ ಕಡೆ ನೋಡಿದರು. "ಬೆಳಿಗ್ಗೆಯಿಂದ ನೋಡ್ತಾ ಇದ್ದೇನೆ. ಮಾಣಿಯ ತೀರ್ಥವೂ ಕಹಿ, ಇವಳ ತೀರ್ಥವೂ ಕಹಿ."

ಯಜಮಾನರು ಹಾಸಿಗೆಯ ಪಕ್ಕ ಕೂತರು. "ಅಮ್ಮ, ನಿನ್ನ ವ್ರತ ಅಂತ..."

"ಎಂತ ವ್ರತ ಮಾರಾಯ? ಜ್ವರದವರಿಗೆ ವ್ರತ ಇಲ್ಲ ಅಂತ ನನ್ನ ಅತ್ತೆಯೇ ಹೇಳ್ತಿದ್ದರು. ನಾಳೆ ಏಕಾದಶಿ ಅಲ್ವಾ ಅಂತ ನಿನ್ನೆ ಕೇಳಿದ್ದೇ ಅದಕ್ಕೆ. ಈ ಸಲ ಬೇಡ ಅತ್ತೆ, ನೀರು ಕುಡಿಯಿರಿ ಅಂತ ಇವಳ ಬಾಯಲ್ಲಿ ಬಂದೀತು ಅಂತ ಕಾದೆ. ಇವಳು ಹೌದು ಅಂದಳು. ಸೊಸೆಯೇ ಇಷ್ಟು ನಿಷ್ಠೆಯಲ್ಲಿರುವಾಗ ನಾನು ಬಾಯಿಬಿಟ್ಟು ನೀರು ಕೇಳುವುದು ಹೇಗೆ? ನಾಚಿಕೆ ಆಯ್ತು. ಹಾಗೆ ತೀರ್ಥವನ್ನಾದರೂ ಇನ್ನೊಂದು ಹಾಕು ಅಂದೆ."

ನಾನು ಭಕ್ತಿ ಎಂದುಕೊಂಡದ್ದು ಬಾಯಾರಿಕೆ. ಅಂದು ಎದೆಯಲ್ಲಿ ಆದದ್ದನ್ನು ಇಂದಿಗೂ ಸರಿಯಾಗಿ ಹೇಳಲಾರೆ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ. ಅದೇ ತಂಬಿಗೆಯನ್ನು ಮತ್ತೆ ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ ಮರಾಠಿ ಬಾಯಿಯ ಕಡೆ ಕೈ ಚಾಚಿದರು.

"ಅತ್ತೆ, ನಮ್ಮ ಕೊಡದಿಂದ ತರುತ್ತೇನೆ," ಎಂದೆ.

"ನೀನು ತರುವಷ್ಟರಲ್ಲಿ ನಾನು ಇರಬೇಕಲ್ಲ," ಎಂದು ನಕ್ಕರು. ಬಾಯಿ ಒಳಗೆ ಬಂದು, ನನ್ನತ್ತ ನೋಡದೆ, ಅವರ ಬೆನ್ನಿಗೆ ಕೈ ಕೊಟ್ಟು ಕೂರಿಸಿ ಕುಡಿಸಿದಳು. ಒಮ್ಮೆಲೇ ಬೇಡ, ಗುಟುಕು ಗುಟುಕಾಗಿ ಎಂದರು ಡಾಕ್ಟರು. ಆಮೇಲೆ ನಾನು ಲಿಂಬೆ ಹಿಂಡಿ, ಸಕ್ಕರೆ ಹಾಕಿ, ಚಿಟಿಕೆ ಉಪ್ಪು ಬೆರೆಸಿ ಕೊಟ್ಟೆ. ನಾನು ಹೊದೆಸಿದ್ದ ಕಂಬಳಿಯನ್ನು ಡಾಕ್ಟರು ತೆಗೆಸಿ ತೆಳು ಸೀರೆ ಹೊದೆಸಿದರು. ಕಿಟಕಿ ತೆರೆಸಿದರು. ಉಗುರುಬೆಚ್ಚಗಿನ ನೀರಿನ ಬಟ್ಟೆಯಿಂದ ಮೈ ಒರೆಸಲು ಹೇಳಿ, ಪಾಯಖಾನೆಗೆ ಒಬ್ಬರೇ ಕಳಿಸಬೇಡಿ ಎಂದು ಎಚ್ಚರಿಸಿ ಹೋದರು.

ದ್ವಾದಶಿಯ ಬೆಳಿಗ್ಗೆ ಅವರು ನನ್ನ ಕೈ ಹಿಡಿದು ಗ್ಯಾಲರಿಯ ತುದಿಗೆ ಹೋಗಿ ಬಂದರು. ಮೂತ್ರ ಸಲೀಸಾಗಿ ಹೋಯಿತು ಎಂದರು. ಅಂಥದ್ದನ್ನು ಕೇಳಿ ದೇವರಿಗೆ ಕೈಮುಗಿದದ್ದು ಅದೇ ಮೊದಲು. ವಾಂತಿ ಆಗಿರಲಿಲ್ಲ, ಹೊಟ್ಟೆ ನೋವಿರಲಿಲ್ಲ. ಜ್ವರ ಇತ್ತು, ಆದರೆ ಕಣ್ಣಿಗೆ ಜೀವ ಬಂದಿತ್ತು. ಡಾಕ್ಟರು ಬಂದು ನೋಡಿ, ಇನ್ನು ಮಾತ್ರೆ ಕೊಡುವುದಾದರೆ ಒಬ್ಬರ ಕೈಯಿಂದಲೇ ಎಂದರು. ಯಜಮಾನರು ಜೇಬು ಬರಿದು ಮಾಡಿ ಉಳಿದ ಮಾತ್ರೆಗಳನ್ನು ನನ್ನೆದುರು ಇಟ್ಟರು. ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ.

"ಅತ್ತೆ, ಈಗ ಮಾತ್ರೆ ಕೊಡಲಾ?" ಎಂದು ಕೇಳಿದೆ. ಕೇಳುವುದು ಇಷ್ಟು ಸುಲಭವಿತ್ತು.

"ಕೊಡು. ತೀರ್ಥದಲ್ಲಿ ಬೇಡ, ಲೋಟದಲ್ಲಿ ಕೊಡು," ಎಂದರು. ನುಂಗಿ, ಲೋಟದ ನೀರನ್ನು ಕೊನೆಯವರೆಗೂ ಕುಡಿದು, ಗ್ಯಾಲರಿಯ ಕಡೆ ಕಿವಿಗೊಟ್ಟರು. "ನಲ್ಲಿ ಬಂದ ಹಾಗುಂಟು. ನಿಲ್ಲುವ ಮೊದಲು ಹೋಗು."

ಎರಡು ಕೊಡ ಎತ್ತಿಕೊಂಡು ಹೋದೆ. ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಮರಾಠಿ ಬಾಯಿ ತನ್ನ ಬಾಲ್ದಿಯನ್ನು ಪಕ್ಕಕ್ಕೆ ಸರಿಸಿ, "ನೀನು ಮೊದಲು ತುಂಬು," ಎಂದಳು. ತಲೆ ತಗ್ಗಿಸಿ ಕೊಡವನ್ನು ನಲ್ಲಿಯ ಕೆಳಗಿಟ್ಟೆ.