ಜೀಬ್ರಾ ಪಟ್ಟೆಯ ಮೇಲೆ ನಿಂತ ಕಾರು

ಮಾಗಡಿಯಲ್ಲಿ ನಾನು ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದಾಗ ಫೋಟೋ ತೆಗೆಸಿಕೊಳ್ಳಲು ಬರುವವರಿಗಿಂತ ಫೋಟೋದಿಂದ ಏನಾದರೂ ತೆಗೆಸಲು ಬರುವವರೇ ಜಾಸ್ತಿಯಾಗಿದ್ದರು. ಮುನಿಸಿಕೊಂಡ ಷಡ್ಡಕನನ್ನು ಗ್ರೂಪ್ ಫೋಟೋದಿಂದ ತೆಗಿ, ಮದುಮಗನ ಮೂಗಿನ ಮೇಲಿನ ಗುಳ್ಳೆ ತೆಗಿ. ಕಂಪ್ಯೂಟರ್ ಕಲಿತ ಮೇಲೆ ನನಗೂ ಕೊಬ್ಬು ಬಂದಿತ್ತು. ಯಾರು ಏನು ಕೇಳಿದರೂ ‘ಅದೇನ್ ಮಹಾ’ ಅನ್ನುತ್ತಿದ್ದೆ. ಆ ಕೊಬ್ಬನ್ನು ಇಳಿಸಿದ್ದು ಕುದೂರು ಬಸ್ಸಿನಲ್ಲಿ ಬಂದಿಳಿದ ಒಬ್ಬ ಅಜ್ಜಿ.

ಅಜ್ಜಿಯ ಕೈಯಲ್ಲಿ ಸುರುಳಿ ಸುತ್ತಿದ ಹಳೇ ಕ್ಯಾಲೆಂಡರ್ ಇತ್ತು. ಹತ್ತು ವರ್ಷದ ಹಿಂದೆ ಒಂದು ಹಾರ್ಡ್‌ವೇರ್ ಅಂಗಡಿಗೆಂದು ನಾನೇ ತೆಗೆದಿದ್ದ ಪೇಟೆ ಬೀದಿಯ ಚಿತ್ರ ಅದು. ಬೆಳಗಿನ ಬಿಸಿಲು, ಹೊಸದಾಗಿ ಬಳಿದಿದ್ದ ಜೀಬ್ರಾ ಪಟ್ಟೆ, ಆಚೆ ಬದಿಯಲ್ಲಿ ಕಪ್ಪು ಬಿಳುಪಿನ ಅಂಚುಕಲ್ಲು, ಫುಟ್‌ಪಾತು, ಅದರ ಹಿಂದೆ ಒಂದು ಹಳೇ ಕಾಂಪೌಂಡು ಗೋಡೆ. ಪಟ್ಟೆಗಳು ಎದ್ದು ಕಾಣಲಿ ಅಂತ ರಸ್ತೆ ಬದಿ ಕುಕ್ಕರುಗಾಲಲ್ಲಿ ಕೂತು ಕ್ಯಾಮೆರಾ ತಗ್ಗಿಸಿ ತೆಗೆದಿದ್ದೆ. ಚಿತ್ರದ ನಟ್ಟನಡುವೆ, ಪಟ್ಟೆಯ ಮೇಲೇ ಒಂದು ಬಿಳೀ ಕಾರು ನಿಂತಿತ್ತು.

“ಈ ಕಾರ್ ಒಸಿ ತೆಗ್ದುಕೊಡಪ್ಪ. ನಮ್ಮನೆಯವ್ರು ಅದರ ಹಿಂದ್ಗಡೆ ಕೂತವ್ರೆ,” ಎಂದಳು ಅಜ್ಜಿ.

ಅವಳ ಗಂಡ ಆ ಗೋಡೆಯ ಬುಡದಲ್ಲಿ ಗೋಣಿಚೀಲ ಹಾಸಿಕೊಂಡು ಕೊಡೆ ರಿಪೇರಿ ಮಾಡುತ್ತಿದ್ದರು. ನನಗೂ ಗೊತ್ತಿದ್ದವರೇ. ಕ್ಯಾಮೆರಾ ಕಂಡರೆ ಮುಖ ತಿರುಗಿಸುವ ಆಸಾಮಿ. ಹಿಂದಿನ ವರ್ಷ ತೀರಿಕೊಂಡಿದ್ದರು. ಗುರುತಿನ ಚೀಟಿಯಲ್ಲಿ ಹೆದರಿದ ಕೋಳಿಯಂಥ ಒಂದು ಮುಖ ಬಿಟ್ಟರೆ ಮನೆಯಲ್ಲಿ ಅವರ ಒಂದು ಪಟವೂ ಇರಲಿಲ್ಲ. ಕೆಲಸ ಮಾಡುವ ಜಾಗದಲ್ಲಿ ಕೂತ ಗಂಡನ ಪಟ ಗೋಡೆಗೆ ಬೇಕು, ಅಷ್ಟೇ ಅವಳ ಆಸೆ.

“ಅಲ್ಲೇ ಇದ್ರು ಅಂತ ಹೆಂಗ್ ಹೇಳ್ತೀಯ ಅಜ್ಜಿ?”

“ಅವತ್ತು ಮನೆಗ್ ಬಂದು ಬಯ್ದಿದ್ದೇ ಬಯ್ದಿದ್ದು. ಯಾವನೋ ಕಾರ್ ತಂದು ಮುಂದ್ಗಡೆನೇ ನಿಲ್ಲಿಸ್ಬುಟ್ಟ, ಮಧ್ಯಾಹ್ನದ ತಂಕ ಒಂದು ಗಿರಾಕಿನೂ ಬರ್ನಿಲ್ಲ ಅಂತ. ಮ್ಯಾಲ್ ನೋಡು.” ಕಾರಿನ ತಲೆಯ ಮೇಲೆ, ಗೋಡೆಯ ಮೊಳೆಗೆ ತೂಗುಹಾಕಿದ ಮೂರು ಕೊಡೆಗಳ ಹಿಡಿ ಕಾಣುತ್ತಿತ್ತು.

“ಅದೇನ್ ಮಹಾ, ನಾಡಿದ್ದು ಬಾ,” ಎಂದೆ.

ಅವಳು ಹೋದ ಮೇಲೆ ಹಳೇ ಸಿ.ಡಿ. ಹುಡುಕಿ ಮೂಲ ಚಿತ್ರ ತೆರೆದೆ. ಕಾರಿನ ಅಂಚು ಗುರುತು ಹಾಕಲು ಚಿತ್ರ ದೊಡ್ಡದು ಮಾಡಿದಾಗ ನಂಬರ್ ಪ್ಲೇಟು ಕಣ್ಣಿಗೆ ಬಿತ್ತು. ಅಯ್ಯೋ ಶಿವನೇ, ಅದು ನನ್ನದೇ ಕಾರು! ಟ್ರೈಪಾಡು ಇಳಿಸಿಕೊಳ್ಳಲೆಂದು ಅಲ್ಲಿ ನಿಲ್ಲಿಸಿ ಎದುರು ಬದಿಗೆ ಹೋದವನು ಬೆಳಕಿನ ಗಡಿಬಿಡಿಯಲ್ಲಿ ಮರೆತೇಬಿಟ್ಟಿದ್ದೆ. ಆಮೇಲೆ ಟಿಫಿನ್ನಿಗೆ ಹೋಗಿ ಮಧ್ಯಾಹ್ನದವರೆಗೆ ಹರಟೆ ಹೊಡೆದಿದ್ದೂ ನೆನಪಾಯಿತು. ಹಾಗಾಗಿ ನಾನು ಮೊಟ್ಟಮೊದಲು ಅಳಿಸಿದ್ದು ನಂಬರ್ ಪ್ಲೇಟು.

ಇನ್ನುಳಿದ ಕಾರನ್ನು ಅಳಿಸಲು ಎರಡು ದಿನ ಹಿಡಿಯಿತು. ಅಳಿಸುವುದು ಅಂದರೆ ಒರೆಸುವುದಲ್ಲ, ಪಕ್ಕದ್ದನ್ನು ಎತ್ತಿ ಮೇಲೆ ಹಾಸುವುದು. ಹತ್ತಿರದ ಪಟ್ಟೆಯನ್ನು ಇದ್ದ ಹಾಗೇ ನಕಲು ಮಾಡಿ ದೂರಕ್ಕೆ ಇಟ್ಟರೆ ರಸ್ತೆಯೇ ಎದ್ದು ನಿಂತ ಹಾಗೆ ಕಾಣಿಸಿತು. ದೂರ ಹೋದಂತೆ ಪಟ್ಟೆಯೂ ನಡುವಿನ ಸಂದೂ ತೆಳ್ಳಗಾಗಬೇಕು, ಅದನ್ನು ಅಳೆದು ಅಳೆದು ಕಿರಿದು ಮಾಡಿದೆ. ಅಂಚುಕಲ್ಲನ್ನು ಎಡದಿಂದ ಒಂದಷ್ಟು, ಬಲದಿಂದ ಒಂದಷ್ಟು ತುಂಬುತ್ತಾ ಬಂದರೆ ನಡುವೆ ಎರಡು ಕಪ್ಪು ಕಲ್ಲು ಮುಖಾಮುಖಿಯಾದವು. ಬಿಚ್ಚಿ ಮತ್ತೆ ಕಲ್ಲು ಎಣಿಸಿ ಕೂರಿಸಿದೆ. ಕಾರು ಹೋದರೂ ಅದರ ನೆರಳು ಹೋಗಿರಲಿಲ್ಲ. ಅದನ್ನೂ ತೆಗೆದು ಡಾಂಬರು ತುಂಬಿದೆ. ಅಂಚುಕಲ್ಲಿನ ಬುಡದಲ್ಲಿ ನೆರಳೊಳಗೆ ಏನೋ ಕಸ ಇತ್ತು, ಗುಡಿಸಿ ಹಾಕಿದೆ.

ಲ್ಯಾಮಿನೇಷನ್ ಮಾಡುತ್ತಿದ್ದ ನನ್ನ ಹೆಂಡತಿ ಬಗ್ಗಿ ನೋಡಿದಳು. “ರೀ, ಆ ಎಲೆಯಡಿಕೆ ಉಗುಳು ಮೂರು ಕಡೆ ಒಂದೇ ಥರ ಇದೆಯಲ್ಲ. ಉಗಿದವನು ಅಚ್ಚು ಇಟ್ಟುಕೊಂಡು ಉಗಿದನಾ?”

ನಿಜ. ಗೋಡೆಯ ಒಂದೇ ತುಂಡನ್ನು ಮೂರು ಸಲ ಹಾಸಿದ್ದೆ. ಸಿಟ್ಟು ಬಂತು, ಆದರೆ ಎರಡು ಕಲೆ ಅಳಿಸಿದೆ. “ಪಟ್ಟೆ ನಿನ್ನೆ ಬಳಿದ ಹಾಗಿದೆ” ಅಂತ ಇನ್ನೊಂದು ಹೇಳಿದಳು. ಅದನ್ನೂ ಅಲ್ಲಲ್ಲಿ ಸವೆಸಿದೆ. ಕೊನೆಗೆ ಅಲ್ಲೊಂದು ಕಾರಿತ್ತು ಅಂತ ಬ್ರಹ್ಮ ಬಂದರೂ ಹೇಳಲಾರ ಅನ್ನುವಂತಾಯಿತು.

ಅಜ್ಜಿ ಬಂದಳು. ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು.

“ಎಲ್ಲವ್ರೆ?”

“ಯಾರು?”

“ನಮ್ಮನೆಯವ್ರು ಕಣಪ್ಪ! ಕಾರ್ ತೆಗೆದ್ಯಲ್ಲ, ಹಿಂದ್ಗಡೆ ಇದ್ದೋರು ಎಲ್ಲೋದ್ರು?”

ಕಾರು ಅಡ್ಡವಿದ್ದಾಗ ಕ್ಯಾಮೆರಾಗೆ ಅವರು ಕಂಡೇ ಇಲ್ಲ, ಕಾಣದ್ದನ್ನು ನಾನು ತರಲಾರೆ ಅಂತ ವಿವರಿಸಿದೆ.

“ಮಂಚ ಸರಿಸಿದ್ರೆ ಕೆಳ್ಗಿನ ಪೆಟ್ಟಿಗೆ ಕಾಣಾಕಿಲ್ವಾ? ನೀನು ಮಂಚದ ಜೊತೆ ಪೆಟ್ಟಿಗೆನೂ ಎತ್ತಿಬುಟ್ಟಿದೀಯ.”

ಗುರುತಿನ ಚೀಟಿಯ ಮುಖವನ್ನು ಬೇರೆ ಯಾರದ್ದಾದರೂ ಮೈಗೆ ಅಂಟಿಸಿ ಅಲ್ಲಿ ಕೂರಿಸಲಾ ಅಂದೆ. “ಥೂ, ಕಂಡೋರ ಮೈನ ನಾನು ದಿನಾ ನೋಡ್ಬೇಕಾ?” ಎಂದಳು. ನನ್ನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು. ಅಜ್ಜಿ ಮಾತ್ರ ನಗಲಿಲ್ಲ. ಪರದೆಯ ಮೇಲಿನ ಖಾಲಿ ಫುಟ್‌ಪಾತನ್ನು ಅಂಗೈಯಿಂದ ಸವರಿದಳು. ಎರಡು ದಿನ ಬೆನ್ನು ಬಗ್ಗಿಸಿ ಮಾಡಿದ ಕೆಲಸದ ಮೇಲೆ ನನಗೇ ಹೇಸಿಗೆಯಾಯಿತು.

ತಪ್ಪು ನನ್ನದಲ್ಲ ಅಂತ ತೋರಿಸಲೆಂದೇ ಮೂಲ ಚಿತ್ರ ತೆರೆದೆ. ಕಾರಿನ ಕಿಟಕಿ ಗಾಜನ್ನು ತಿಳಿ ಮಾಡಿದೆ. ಎದುರು ಬದಿಯ ಅಂಗಡಿಗಳ ಪ್ರತಿಬಿಂಬ ಬಿಟ್ಟರೆ ಏನೂ ಇಲ್ಲ. ಕಾರಿನಡಿಯ ನೆರಳನ್ನೂ ತಿಳಿ ಮಾಡಿದೆ. ಎರಡು ಚಕ್ರಗಳ ನಡುವೆ, ಅಂಚುಕಲ್ಲಿನ ಬುಡದಲ್ಲಿ, ನಾನು ಕಸವೆಂದು ಗುಡಿಸಿದ್ದು ಮೆಲ್ಲಗೆ ಕಾಣಿಸಿಕೊಂಡಿತು. ಒಂದು ಜೊತೆ ಚಪ್ಪಲಿ. ಒಂದರ ಉಂಗುಷ್ಟಕ್ಕೆ ಕೊಡೆಯ ಬಟ್ಟೆ ಸುತ್ತಿ ಹೊಲಿದಿತ್ತು.

“ಅವ್ರೇ!” ಅಜ್ಜಿ ಕೂಗಿದಳು. “ಊರೋರ ಕೊಡೆನೆಲ್ಲಾ ರಿಪೇರಿ ಮಾಡೋರು, ಸ್ವಂತ ಚಪ್ಪಲಿಗೆ ಇಷ್ಟೇಯ!” ನಗುತ್ತಲೇ ಕಣ್ಣೊರೆಸಿಕೊಂಡಳು.

ನಾನು ಕಾರಿಲ್ಲದ ಚಿತ್ರಕ್ಕೆ ಆ ಚಪ್ಪಲಿ ತಂದಿಟ್ಟು ತೋರಿಸಿದೆ. ಅಜ್ಜಿ ತಲೆಯಾಡಿಸಿದಳು.

“ಬ್ಯಾಡ ಕಣಪ್ಪ. ಹಿಂಗಿದ್ರೆ ಚಪ್ಪಲಿ ಬುಟ್ಟು ಎದ್ದೋದಂಗೆ ಐತೆ. ಕಾರ್‌ನ ವಾಪಸ್ ನಿಲ್ಸು. ಕಾರ್ ಇದ್ರೆ ಅವ್ರು ಹಿಂದ್ಗಡೆ ಕೂತವ್ರೆ.”

ಹಾಗೇ ಮಾಡಿದೆ. ಕಾರು ನಿಲ್ಲಿಸಿದೆ, ಅದರಡಿಯ ನೆರಳನ್ನು ಮಾತ್ರ ಚಪ್ಪಲಿ ಕಾಣುವಷ್ಟು ತಿಳಿ ಮಾಡಿದೆ. ನಂಬರ್ ಪ್ಲೇಟು ಇದ್ದ ಜಾಗವನ್ನು ಖಾಲಿ ಬಿಟ್ಟು ದೊಡ್ಡ ಪ್ರಿಂಟು ಹಾಕಿ ಫ್ರೇಮು ಕಟ್ಟಲು ಹೊರಟೆ.

ಅಜ್ಜಿ ಫ್ರೇಮಿಗೆ ಅಡ್ಡ ಕೈ ಇಟ್ಟಳು. ಕಿಟಕಿಯಾಚೆ ನಿಂತಿದ್ದ ನನ್ನ ಹಳೇ ಬಿಳೀ ಕಾರನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು.

“ನಂಬರ್‌ನೂ ವಾಪಸ್ ಹಾಕು. ಬಂದೋರು ಯಾರ್ ಕಾರು ಅಂತ ಕೇಳಿದ್ರೆ ನಾ ಹೇಳ್ಬೇಕಲ್ಲ. ಅವ್ರು ಅವತ್ತು ಬಯ್ದಿದ್ದು ನಿನ್ನ ಹೆಸರು ಹಿಡ್ದೇ ಕಣಪ್ಪ.”