ಬಿಲ್ಲಿನಲ್ಲಿ ಉಳಿದಿದ್ದ ಹೆಸರು

ಹೊಳಲ್ಕೆರೆಯಲ್ಲಿ ನಾನು ಕೊಂಡ ಮನೆಗೆ ಕರೆಂಟ್ ಬಿಲ್ಲು ಬರುತ್ತಿದ್ದದ್ದು ಮಾರಿದವರ ಹೆಂಡತಿಯ ಹೆಸರಿನಲ್ಲಿ. ಆಕೆ ತೀರಿಕೊಂಡಿದ್ದರು. ಹೆಸರು ಬದಲಿಸಲು ಕ್ರಯಪತ್ರ, ಖಾತೆ ನಕಲು, ಆಧಾರ್, ಕಟ್ಟಿದ ಬಿಲ್ಲು, ಆಕೆಯ ಮರಣ ಪ್ರಮಾಣಪತ್ರ ಜೋಡಿಸಿದೆ. ಮೀಟರಿಗೆ ಆಕೆ ಕಟ್ಟಿದ್ದ ಠೇವಣಿ ನನ್ನ ಹೆಸರಿಗಾಗಲು ವಾರಸುದಾರರ ಒಪ್ಪಿಗೆ ಪತ್ರವೂ ಬೇಕೆಂದರು ವಿದ್ಯುತ್ ಕಚೇರಿಯಲ್ಲಿ. ಸಹಿ ಹಾಕಲು ಚಿಕ್ಕಜಾಜೂರಿನಿಂದ ಬಂದ, ಮನೆ ಮಾರಿದ ಆ ಹಿರಿಯರು ಪೆನ್ನು ಹಿಡಿದು, ಪತ್ರದಲ್ಲಿದ್ದ ಹೆಂಡತಿಯ ಹೆಸರಿನ ಮೇಲೆ ಬೆರಳಾಡಿಸಿದರು.

"ರೇಷನ್ ಕಾರ್ಡ್‌ನಾಗೆ ತೆಗೆದ್ರು, ಓಟಿನ ಪಟ್ಟೀಲೂ ತೆಗೆದ್ರು. ಇದೊಂದ್ರಾಗೆ ಬದುಕಿದ್ಲು ಕಣಮ್ಮ."

"ಇನ್ನೊಂದಿನ ಮಾಡಾಣೇನ್ರಿ?" ಎಂದೆ.

"ಬ್ಯಾಡ. ಮನೆ ನಿಮ್ದು," ಎಂದು ಸಹಿ ಹಾಕಿದರು.

ಮುಂದಿನ ಬಿಲ್ಲಿನಲ್ಲಿ ನನ್ನ ಹೆಸರು ಬಂತು. ಆ ಸಂಜೆ ಸ್ವಿಚ್ಚಿಗೆ ಕೈಯಿಟ್ಟಾಗ, ಮನೆಯೊಡತಿಯನ್ನೇ ಹೊರಗೆ ಕಳಿಸಿದ ಹಾಗೆ ಅನ್ನಿಸಿತು. "ಇರ್ರಿ ಅಮ್ಮಾ, ಎಲ್ಲೂ ಹೋಗಬ್ಯಾಡ್ರಿ," ಎಂದು ಕತ್ತಲ ಕೋಣೆಗೆ ಹೇಳಿ ದೀಪ ಹಾಕಿದೆ.